‘ಒಂದು ಟ್ರಿಪ್ ಪ್ಲಾನ್ ಮಾಡಿಕೊಡು’ ಅಂತ ಒಂದೇ ಸಾಲು ಬಂದಾಗ: ದಿನ, ದುಡ್ಡು, ಜನ, ಆಸೆ ಯಾವುದೂ ಹೇಳದವರಿಗೆ ಪ್ಲಾನ್ ಮಾಡುವ ಸಮಗ್ರ ಮಾರ್ಗದರ್ಶಿ

ಮನೆಯಲ್ಲಿ ಮೊದಲು ಟಿಕೆಟ್ ಬುಕ್ ಮಾಡೋಕೆ ಕಲಿತವರಿಗೆ ಈ ಮೆಸೇಜ್ ಬಂದೇ ಬರುತ್ತದೆ: ‘ಉಡುಪಿ, ಕೊಲ್ಲೂರು, ಮುರುಡೇಶ್ವರ, ಜೋಗ ಕಡೆ ಹೋಗೋಣ ಅಂತಿದ್ದೀವಿ, ಒಂದು ಪ್ಲಾನ್ ಮಾಡಿಕೊಡಪ್ಪ.’ ಅಷ್ಟೇ. ಯಾವಾಗ, ಎಷ್ಟು ಜನ, ಎಷ್ಟು ದುಡ್ಡು, ಯಾಕೆ ಅಂತ ಏನೂ ಇರುವುದಿಲ್ಲ. ನೀವು ರಾತ್ರಿ ಕೂತು ಚೆಂದದ ಪಟ್ಟಿ ಕಳಿಸುತ್ತೀರಿ. ಮರುದಿನ ‘ಅಯ್ಯೋ, ಅಜ್ಜಿಗೆ ಅಷ್ಟು ಹೊತ್ತು ಕೂರೋಕಾಗಲ್ಲ’ ಅಂತ ಉತ್ತರ ಬರುತ್ತದೆ. ಆಮೇಲೆ ಎರಡನೇ ಪಟ್ಟಿ, ಮೂರನೇ ಪಟ್ಟಿ. ಕೊನೆಗೆ ಟ್ರಿಪ್ಪೇ ನಿಂತುಹೋಗುತ್ತದೆ.

ಇದು ಜಾಗಗಳ ಬಗ್ಗೆ ಗೊತ್ತಿಲ್ಲದೆ ಆಗುವ ತೊಂದರೆ ಅಲ್ಲ. ಬಿಟ್ಟುಹೋದ ನಾಲ್ಕು ಸಂಗತಿಗಳನ್ನು ಸರಿಯಾದ ಕ್ರಮದಲ್ಲಿ ಕೇಳದೆ ಇರುವುದರಿಂದ ಆಗುವುದು. ಆ ಕ್ರಮ ಹೀಗಿದೆ: ಮೊದಲು ಜನ, ಆಮೇಲೆ ದಿನಾಂಕ, ಆಮೇಲೆ ದುಡ್ಡು, ಕೊನೆಗೆ ಆಸೆ. ಮೇಲಿನ ಮೆಸೇಜನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಹಂತ ಹಂತವಾಗಿ ಹೋಗೋಣ. ಹೊರಡುವವರು ಬೆಂಗಳೂರಿನವರು.

## ಕೈಯಲ್ಲಿ ಏನಿರಬೇಕು

ಒಂದು ಖಾಲಿ ಹಾಳೆ, ಅಮಾವಾಸ್ಯೆ ಹಬ್ಬಗಳನ್ನು ತೋರಿಸುವ ಗೋಡೆ ಕ್ಯಾಲೆಂಡರ್, ಫೋನಿನಲ್ಲಿ ಮ್ಯಾಪ್. ಇಷ್ಟು ಸಾಕು. ಮುಖ್ಯವಾಗಿ ಬೇಕಾದ್ದು ಹತ್ತು ನಿಮಿಷದ ಒಂದು ಫೋನ್ ಕರೆ. ಗ್ರೂಪಿನಲ್ಲಿ ನಾಲ್ಕು ಪ್ರಶ್ನೆ ಟೈಪ್ ಮಾಡಿ ಹಾಕಿದರೆ ಇಬ್ಬರು ಹೆಬ್ಬೆರಳು ತೋರಿಸುತ್ತಾರೆ, ಉಳಿದವರು ಸುಮ್ಮನಿರುತ್ತಾರೆ. ಹಾಗಾಗಿ ಆ ಮನೆಯಲ್ಲಿ ನಿಜವಾಗಿ ನಿರ್ಧಾರ ಮಾಡುವವರು ಯಾರು ಅಂತ ನೋಡಿ, ಅವರಿಗೇ ಫೋನ್ ಮಾಡಿ. ಹೆಚ್ಚಿನ ಮನೆಗಳಲ್ಲಿ ಮೆಸೇಜ್ ಕಳಿಸಿದವರು ಒಬ್ಬರು, ನಿರ್ಧಾರ ಮಾಡುವವರು ಇನ್ನೊಬ್ಬರು.

## ಹಂತ 1: ಹೇಳಿದ್ದೆಷ್ಟು, ಹೇಳದೆ ಬಿಟ್ಟಿದ್ದೆಷ್ಟು

ಹಾಳೆಯ ಮಧ್ಯೆ ಒಂದು ಗೆರೆ ಎಳೆಯಿರಿ. ಎಡಗಡೆ ಅವರು ಹೇಳಿದ್ದು, ಬಲಗಡೆ ನೀವು ಊಹಿಸಿಕೊಂಡಿದ್ದು. ನಮ್ಮ ಉದಾಹರಣೆಯಲ್ಲಿ ಎಡಗಡೆ ನಾಲ್ಕು ಊರಿನ ಹೆಸರು ಮಾತ್ರ ಇದೆ. ‘ದಸರಾ ರಜೆಯಲ್ಲಿ ಇರಬೇಕು’, ‘ಟಿಟಿ ಮಾಡಿಕೊಂಡು ಹೋಗುತ್ತಾರೆ’, ‘ನಾಲ್ಕು ದಿನ ಸಾಕು’ ಇವೆಲ್ಲ ಬಲಗಡೆಯವು. ಊಹೆ ಮಾಡುವುದು ತಪ್ಪಲ್ಲ. ಊಹೆಯನ್ನು ಅವರೇ ಹೇಳಿದ ಮಾತು ಅಂದುಕೊಂಡು ರೂಮ್ ಬುಕ್ ಮಾಡಿಬಿಡುವುದು ತಪ್ಪು.

ಹೇಳಿದ ಊರುಗಳನ್ನೂ ಪೂರ್ತಿ ನಂಬಬೇಡಿ. ಪಕ್ಕದ ಮನೆಯವರು ಹೋಗಿಬಂದ ಜಾಗಗಳ ಹೆಸರನ್ನೇ ಕೆಲವರು ಹಾಗೇ ಹೇಳುತ್ತಾರೆ. ಅದರಲ್ಲಿ ನಿಜವಾಗಿ ಬೇಕಾದ್ದು ಒಂದೋ ಎರಡೋ ಇರುತ್ತದೆ. ಅದು ಯಾವುದು ಅಂತ ಹಂತ 5ರಲ್ಲಿ ಗೊತ್ತಾಗುತ್ತದೆ.

## ಹಂತ 2: ಮೊದಲು ಜನರ ಲೆಕ್ಕ

‘ಎಷ್ಟು ಜನ?’ ಅಂತ ಕೇಳಿದರೆ ‘ಎಂಟೊಂಬತ್ತು’ ಅಂತಾರೆ. ಅದರಿಂದ ಏನೂ ಆಗುವುದಿಲ್ಲ. ಒಬ್ಬೊಬ್ಬರನ್ನೇ ವಯಸ್ಸಿನ ಸಮೇತ ಬರೆಯಿಸಿಕೊಳ್ಳಿ. ಫೋನಿನಲ್ಲಿ ಹೀಗೆ ಕೇಳಿದರೆ ಸರಾಗವಾಗಿ ಬರುತ್ತದೆ: ‘ಅತ್ತಿಗೆ, ಗಾಡಿಯಲ್ಲಿ ಯಾರ್ಯಾರು ಕೂರುತ್ತಾರೆ ಒಂದು ಸಲ ಹೇಳಿ, ಮಕ್ಕಳ ವಯಸ್ಸೂ ಹೇಳಿ.’

ನಮ್ಮ ಉದಾಹರಣೆಯಲ್ಲಿ ಬಂದ ಉತ್ತರ ಇದು: 74ರ ತಾತ, 70ರ ಅಜ್ಜಿ, ಅಣ್ಣ ಅತ್ತಿಗೆ, ಅವರ 12 ಮತ್ತು 8 ವರ್ಷದ ಮಕ್ಕಳು, ತಮ್ಮ, ತಮ್ಮನ ಹೆಂಡತಿ, ಅವರ 3 ವರ್ಷದ ಮಗು ಪುಟ್ಟ. ಒಟ್ಟು ಒಂಬತ್ತು ಜನ.

ಈ ಸಂಖ್ಯೆಯಿಂದಲೇ ಗಾಡಿ ತೀರ್ಮಾನವಾಗುತ್ತದೆ. ಆರು ಜನ ಆಗಿದ್ದರೆ ಒಂದು ಇನ್ನೋವಾ ಸಾಕಿತ್ತು. ಒಂಬತ್ತಕ್ಕೆ ಎರಡು ಕಾರು ಬೇಕು, ಇಲ್ಲವೇ 12 ಸೀಟಿನ ಟಿಟಿ ಬೇಕು. ಮೂರು ವರ್ಷದ ಮಗು ತೊಡೆಯ ಮೇಲೆ ಕೂರುತ್ತದೆ ಅಂತ ಸೀಟು ಬಿಡಬೇಡಿ. ಘಾಟಿಯಲ್ಲಿ ಅದೇ ಮಗುವನ್ನು ಮಲಗಿಸಬೇಕಾಗುತ್ತದೆ.

ವಯಸ್ಸು ಕೇಳುವುದಕ್ಕೆ ಇನ್ನೊಂದು ಕಾರಣ ರೈಲು. ಐದು ವರ್ಷದೊಳಗಿನ ಮಗುವಿಗೆ ಬರ್ತ್ ಬೇಡ ಅಂದರೆ ಟಿಕೆಟ್ ಬೇಡ. 5ರಿಂದ 12ರೊಳಗಿನ ಮಗುವಿಗೆ ಪ್ರತ್ಯೇಕ ಬರ್ತ್ ಬೇಕು ಅಂದರೆ ಪೂರ್ತಿ ದರ ಕೊಡಬೇಕು. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಕೆಳಗಿನ ಬರ್ತ್ ಕೋಟಾ ಇದೆ. ಆದರೆ ಒಂದು ಟಿಕೆಟ್‌ನಲ್ಲಿ ಅಂಥ ಒಬ್ಬರು ಅಥವಾ ಇಬ್ಬರೇ ಇದ್ದಾಗ ಅದು ಸಿಗುತ್ತದೆ. ಆದ್ದರಿಂದ ತಾತ ಅಜ್ಜಿಯ ಟಿಕೆಟನ್ನು ಬೇರೆಯಾಗಿ ಮಾಡಬೇಕು. ಎಲ್ಲರನ್ನೂ ಒಂದೇ ಟಿಕೆಟ್‌ಗೆ ಸೇರಿಸಿದರೆ ಅಜ್ಜಿಗೆ ಮೇಲಿನ ಬರ್ತ್ ಬರಬಹುದು. ಹಿರಿಯರಿಗಿದ್ದ ರೈಲು ರಿಯಾಯಿತಿ 2020ರಲ್ಲೇ ನಿಂತಿದೆ, ‘ನಮಗೆ ಕಡಿಮೆ ಆಗುತ್ತಲ್ವಾ?’ ಅಂತ ತಾತ ಕೇಳಿದರೆ ಮೊದಲೇ ಹೇಳಿಬಿಡಿ.

ಇನ್ನು ಅತಿ ಮುಖ್ಯವಾದ ಪ್ರಶ್ನೆ: ‘ಇಷ್ಟು ಜನರಲ್ಲಿ ಗಾಡಿಯಲ್ಲಿ ಕೂರೋಕೆ ಯಾರಿಗೆ ಜಾಸ್ತಿ ಕಷ್ಟ? ಅವರು ಒಂದೇ ಸಮನೆ ಎಷ್ಟು ಹೊತ್ತು ಕೂರಬಲ್ಲರು?’ ಇಲ್ಲಿ ಅಜ್ಜಿಗೆ ಮಂಡಿನೋವು. ಎರಡು ಗಂಟೆಗೊಮ್ಮೆ ಇಳಿದು ನಡೆದಾಡಬೇಕು, ಇಂಡಿಯನ್ ಟಾಯ್ಲೆಟ್ ಆಗುವುದಿಲ್ಲ. ಈ ಎರಡು ಮಾತು ಸಿಕ್ಕಿದ ಮೇಲೆ ಪ್ಲಾನಿನ ಅರ್ಧ ಕೆಲಸ ಮುಗಿದ ಹಾಗೆ. ದಿನಕ್ಕೆ ಎಷ್ಟು ದೂರ, ಎಂಥ ರೂಮು, ಎಷ್ಟನೇ ಮಹಡಿ, ಎಲ್ಲವನ್ನೂ ಅಜ್ಜಿಯ ಮಂಡಿಯೇ ಹೇಳುತ್ತದೆ.

ಎಚ್ಚರಿಕೆ: ‘ಎಲ್ಲರೂ ಆರಾಮಾಗಿದ್ದೀವಿ, ಏನೂ ತೊಂದರೆ ಇಲ್ಲ’ ಅಂತ ಉತ್ತರ ಬಂದರೆ ಅಲ್ಲಿಗೇ ಬಿಡಬೇಡಿ. ವಯಸ್ಸಾದವರು ತಮ್ಮಿಂದ ಟ್ರಿಪ್ ನಿಲ್ಲಬಾರದು ಅಂತ ನೋವು ಮುಚ್ಚಿಡುತ್ತಾರೆ. ‘ಹೋದ ಸಲ ಊರಿಗೆ ಹೋದಾಗ ದಾರಿಯಲ್ಲಿ ಎಷ್ಟು ಕಡೆ ನಿಲ್ಲಿಸಿದಿರಿ?’ ಅಂತ ಕೇಳಿ. ನಿಜ ಅಲ್ಲಿ ಹೊರಬರುತ್ತದೆ.

## ಹಂತ 3: ದಿನಾಂಕ

‘ಯಾವಾಗ ಹೋಗ್ತೀರಿ?’ ಅಂತ ಕೇಳಿದರೆ ‘ಮುಂದಿನ ತಿಂಗಳು ಯಾವಾಗಲಾದರೂ’ ಅಂತಾರೆ. ಅದನ್ನು ತಿರುಗಿಸಿ ಕೇಳಿ: ‘ಯಾವ ದಿನ ಖಂಡಿತಾ ಆಗಲ್ಲ?’ ಆಗ ಮಗಳ ಪರೀಕ್ಷೆ, ಆಫೀಸಿನ ತಿಂಗಳ ಕೊನೆ, ಮನೆಯ ಶ್ರಾದ್ಧ, ಅಮಾವಾಸ್ಯೆಗೆ ಹೊರಡಬಾರದು ಅನ್ನೋ ಅಜ್ಜಿಯ ಮಾತು, ಎಲ್ಲಾ ಒಂದೊಂದಾಗಿ ಬರುತ್ತದೆ. ಕ್ಯಾಲೆಂಡರಿನಲ್ಲಿ ಅವನ್ನು ಹೊಡೆದುಹಾಕಿದರೆ ಉಳಿಯುವುದು ಎರಡೋ ಮೂರೋ ಅವಕಾಶ.

ಒಂದೇ ದಿನಾಂಕಕ್ಕೆ ಪಟ್ಟು ಹಿಡಿಯಬೇಡಿ, ಯಾವಾಗಲೂ ಎರಡು ಕೇಳಿ. ದೇವಸ್ಥಾನದ ಪ್ರಯಾಣ ಅಂದಾಗ ತುಂಬಾ ಮನೆಗಳಲ್ಲಿ ಹೆಂಗಸರು ಮುಟ್ಟಿನ ದಿನ ನೋಡಿಕೊಂಡೇ ಒಪ್ಪುತ್ತಾರೆ, ಆದರೆ ಗ್ರೂಪಿನಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ‘ಈ ಎರಡರಲ್ಲಿ ಯಾವುದು ಅನುಕೂಲ?’ ಅಂತ ಅವರಿಗೇ ಬಿಟ್ಟರೆ ಕಾರಣ ಹೇಳುವ ಮುಜುಗರ ಇಲ್ಲದೆ ಉತ್ತರ ಕೊಡುತ್ತಾರೆ. ಇದನ್ನು ಕೇಳದೆ ಬುಕ್ ಮಾಡಿದ ಟಿಕೆಟ್‌ಗಳು ಹೊರಡುವ ವಾರ ಕ್ಯಾನ್ಸಲ್ ಆಗುತ್ತವೆ.

ಆಮೇಲೆ ನೀವೇ ನೋಡಬೇಕಾದ್ದು ಆ ಸಮಯಕ್ಕೆ ಆ ಜಾಗ ಹೇಗಿರುತ್ತದೆ ಅನ್ನುವುದು. ಈ ದಾರಿಗೆ ಸಂಬಂಧಪಟ್ಟ ಮಾತು ಇಷ್ಟು. ಜೋಗದಲ್ಲಿ ನೀರು ತುಂಬಿರುವುದು ಜುಲೈನಿಂದ ಸೆಪ್ಟೆಂಬರ್‌ವರೆಗೆ. ಅಕ್ಟೋಬರ್‌ನಲ್ಲಿ ಎಷ್ಟಿರುತ್ತದೆ ಅನ್ನುವುದು ಆ ವರ್ಷದ ಮಳೆಯ ಮೇಲೆ ನಿಂತಿರುತ್ತದೆ. ಶರಾವತಿಯ ನೀರು ಮೇಲಿನ ಲಿಂಗನಮಕ್ಕಿಯಲ್ಲೇ ನಿಲ್ಲುವುದರಿಂದ ಏಪ್ರಿಲ್‌ನಲ್ಲಿ ಹೋದವರಿಗೆ ಹೆಚ್ಚಾಗಿ ಕಾಣುವುದು ಬಂಡೆ. ಆದರೆ ಜೋಗ ತುಂಬಿರುವ ಅದೇ ತಿಂಗಳುಗಳಲ್ಲಿ ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ದೋಣಿ ಬಿಡುವುದಿಲ್ಲ, ಸಮುದ್ರಕ್ಕೆ ಇಳಿಯುವುದೂ ಅಪಾಯ. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ದಾರಿ ನಿಲ್ಲುವುದೂ ಆಗಲೇ. ಅಂದರೆ ತುಂಬಿದ ಜೋಗ, ಶಾಂತವಾದ ಸಮುದ್ರ ಎರಡೂ ಒಟ್ಟಿಗೆ ಸಿಗುವುದು ಕಷ್ಟ. ಮಳೆ ಚೆನ್ನಾಗಿ ಆದ ವರ್ಷದ ಅಕ್ಟೋಬರ್ ಇದ್ದುದರಲ್ಲಿ ಒಳ್ಳೆಯದು. ಇದನ್ನು ಅವರಿಗೆ ಹೇಳಿ, ಯಾವುದು ಮುಖ್ಯ ಅಂತ ಅವರೇ ಆರಿಸಲಿ.

ರೈಲಿನ ಮುಂಗಡ ಬುಕಿಂಗ್ ತೆರೆಯುವುದು ಈಗ 60 ದಿನ ಮೊದಲು. 2024ರ ನವೆಂಬರ್‌ಗೆ ಮುಂಚೆ 120 ದಿನ ಇತ್ತು, ಆ ಲೆಕ್ಕದಲ್ಲೇ ಇರುವವರು ಇನ್ನೂ ಇದ್ದಾರೆ. ಒಪ್ಪಿದ ದಿನಾಂಕದಿಂದ 60 ದಿನ ಹಿಂದಕ್ಕೆ ಎಣಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

## ಹಂತ 4: ದುಡ್ಡು

‘ಬಜೆಟ್ ಎಷ್ಟು?’ ಅಂತ ನೇರವಾಗಿ ಕೇಳಿದರೆ ‘ನೋಡೋಣ ಬಿಡು, ಅದೇನು ದೊಡ್ಡ ವಿಷಯ’ ಅನ್ನುತ್ತಾರೆ. ಅಣ್ಣ ತಮ್ಮ ಇಬ್ಬರೂ ಇರುವ ಕಡೆ ಮೊದಲು ಮೊತ್ತ ಹೇಳೋಕೆ ಇಬ್ಬರಿಗೂ ಮನಸ್ಸು ಬರುವುದಿಲ್ಲ. ಆದ್ದರಿಂದ ಮೊತ್ತ ಕೇಳಬೇಡಿ. ಮೂರು ಸಣ್ಣ ಪ್ರಶ್ನೆ ಕೇಳಿ: ಮಠದ ವಸತಿಗೃಹ ಆಗುತ್ತಾ, ಹೋಟೆಲೇ ಬೇಕಾ? ಎ.ಸಿ. ಬೇಕಾ? ಖರ್ಚು ಒಬ್ಬರೇ ನೋಡಿಕೊಳ್ಳುತ್ತಾರಾ, ಮನೆಗಿಷ್ಟು ಅಂತ ಹಂಚಿಕೊಳ್ಳುತ್ತಾರಾ? ಕೊನೆಯ ಪ್ರಶ್ನೆ ಒಬ್ಬೊಬ್ಬರಿಗೇ ಪ್ರತ್ಯೇಕವಾಗಿ ಫೋನ್ ಮಾಡಿ ಕೇಳುವಂಥದ್ದು.

ಆಮೇಲೆ ಗಾಡಿಯ ಲೆಕ್ಕ ಹಾಕಿ, ಏಕೆಂದರೆ ಇಂಥ ಪ್ರಯಾಣದಲ್ಲಿ ದೊಡ್ಡ ಖರ್ಚು ಅದೇ. ಟಿಟಿಯವರು ಕಿಲೋಮೀಟರಿಗೆ ಇಷ್ಟು ಅಂತ ದರ ಹೇಳುತ್ತಾರೆ, ಜೊತೆಗೆ ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರ್ ಅಂತಲೂ ಇರುತ್ತದೆ. ಆ ಕನಿಷ್ಠವನ್ನು ಕೇಳದೆ ಲೆಕ್ಕ ಹಾಕುವುದೇ ಎಲ್ಲರೂ ಮಾಡುವ ತಪ್ಪು.

ಬೆಂಗಳೂರಿನಿಂದ ಉಡುಪಿಗೆ ಸುಮಾರು 400 ಕಿಲೋಮೀಟರ್. ಉಡುಪಿಯಿಂದ ಕೊಲ್ಲೂರು 80, ಅಲ್ಲಿಂದ ಮುರುಡೇಶ್ವರ 65, ಅಲ್ಲಿಂದ ಜೋಗ 90, ಜೋಗದಿಂದ ಬೆಂಗಳೂರಿಗೆ ಮತ್ತೆ 400ರ ಹತ್ತಿರ. ಉಡುಪಿಯೊಳಗಿನ ಓಡಾಟ ಸೇರಿಸಿದರೆ ಒಟ್ಟು 1,100 ಆಗಬಹುದು. ಕೊನೆಯ ದಿನ ಗಮನಿಸಿ. ಮುರುಡೇಶ್ವರದಿಂದ ಜೋಗ ನೋಡಿಕೊಂಡು ಬೆಂಗಳೂರು ಸೇರುವುದು ಅಂದರೆ ಸುಮಾರು 490 ಕಿಲೋಮೀಟರ್. ಅಜ್ಜಿಗೆ ಎರಡು ಗಂಟೆಗೊಮ್ಮೆ ನಿಲ್ಲಿಸುತ್ತಾ ಹೋದರೆ ಮನೆ ಸೇರುವಾಗ ಮಧ್ಯರಾತ್ರಿ ದಾಟುತ್ತದೆ. ಆದ್ದರಿಂದ ಸಾಗರದಲ್ಲೋ ಶಿವಮೊಗ್ಗದಲ್ಲೋ ಒಂದು ರಾತ್ರಿ ಉಳಿಯಬೇಕು, ಟ್ರಿಪ್ ಐದು ದಿನ ಆಗುತ್ತದೆ. ಕನಿಷ್ಠ 300 ಅಂತಿದ್ದರೆ ಗಾಡಿ ಓಡಿದ್ದು 1,100 ಆದರೂ ಬಿಲ್ ಆಗುವುದು 1,500 ಕಿಲೋಮೀಟರಿಗೆ.

ಲೆಕ್ಕಕ್ಕೆ ಅಂತ ಕಿಲೋಮೀಟರಿಗೆ 24 ರೂಪಾಯಿ ಇಟ್ಟುಕೊಳ್ಳಿ, ನಿಮ್ಮೂರಿನ ದರ ಹಾಕಿ ಬದಲಿಸಿಕೊಳ್ಳಿ. ಬರೀ ಗಾಡಿಗೆ 36,000 ಆಯಿತು. ಚಾಲಕರ ಬಾಟಾ, ಟೋಲ್, ಪಾರ್ಕಿಂಗ್ ಬೇರೆ. ನಾಲ್ಕು ರಾತ್ರಿ, ಮೂರು ರೂಮು, ರೂಮಿಗೆ 1,800 ಅಂದರೆ 21,600.

ಈಗ ಇನ್ನೊಂದು ದಾರಿ ನೋಡಿ. ಬೆಂಗಳೂರು–ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿ ರೈಲು, ಬೆಳಗಿನ ಜಾವ ಉಡುಪಿಯಲ್ಲಿ ಇಳಿಸುತ್ತದೆ. ಜೋಗದಿಂದ ತಾಳಗುಪ್ಪ ಸ್ಟೇಷನ್ ಸುಮಾರು 15 ಕಿಲೋಮೀಟರ್. ಅಲ್ಲಿಂದ ಬೆಂಗಳೂರು ದಾಟಿ ಮೈಸೂರಿಗೆ ಹೋಗುವ ರಾತ್ರಿ ರೈಲಿದೆ. ಎರಡು ಉದ್ದದ ಪ್ರಯಾಣವನ್ನೂ ಅಜ್ಜಿ ಮಲಗಿಕೊಂಡು ಮುಗಿಸಬಹುದು. ಗಾಡಿ ಬೇಕಾಗುವುದು ಉಡುಪಿಯಿಂದ ತಾಳಗುಪ್ಪದವರೆಗೆ, ಮೂರೇ ದಿನ. ಅದೇ ಕನಿಷ್ಠ, ಅದೇ ದರ ಅಂದರೂ 21,600. ಗಾಡಿ ಖಾಲಿ ವಾಪಸ್ ಉಡುಪಿಗೆ ಹೋಗುವ ದೂರವೂ ಈ ಕನಿಷ್ಠದೊಳಗೇ ಬರುತ್ತದೆ. ಎರಡೇ ರಾತ್ರಿ ರೂಮು, 10,800. ಗಾಡಿ, ರೂಮು ಎರಡರಲ್ಲಿ 25,200 ಉಳಿಯಿತು. ರೈಲಿನ ಟಿಕೆಟ್ ಆ ಹಣದಲ್ಲೇ ಆಗುತ್ತದೆ, ಸ್ಲೀಪರ್ ಆದರೆ ಚೆನ್ನಾಗಿಯೇ ಮಿಗುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಕುಟುಂಬಕ್ಕೆ ಇದೇ ಸರಿ. ಜನರ ವಿವರ ಮೊದಲೇ ಕೇಳದೆ ಇದ್ದಿದ್ದರೆ ಈ ದಾರಿ ಹೊಳೆಯುತ್ತಲೇ ಇರಲಿಲ್ಲ.

ಎಚ್ಚರಿಕೆ: ಗಾಡಿಯವರ ಹತ್ತಿರ ‘ದಿನ’ ಅಂದರೆ ಯಾವುದು ಅಂತ ಕೇಳಿಕೊಳ್ಳಿ. ತುಂಬಾ ಜನ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಎಣಿಸುತ್ತಾರೆ. ರಾತ್ರಿ ಹತ್ತಕ್ಕೆ ಹೊರಟರೆ ಆ ಎರಡು ಗಂಟೆಗೂ ಒಂದು ದಿನದ ಕನಿಷ್ಠ ಕೊಡಬೇಕಾಗುತ್ತದೆ.

ಇನ್ನೊಂದು ಮಾತು. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತ ಅಲ್ವಾ, ಬಸ್ಸಲ್ಲೇ ಹೋಗೋಣ ಅಂತ ಯಾರಾದರೂ ಹೇಳಬಹುದು. ಅದು ಸರ್ಕಾರಿ ಸಾಮಾನ್ಯ ಬಸ್ಸುಗಳಿಗೆ ಮಾತ್ರ, ರಾಜಹಂಸ ಐರಾವತಕ್ಕೆ ಇಲ್ಲ. ಉಡುಪಿ, ಕುಂದಾಪುರದ ಕಡೆ ಹೆಚ್ಚಾಗಿ ಓಡುವುದು ಖಾಸಗಿ ಬಸ್ಸು, ಅಲ್ಲೂ ಇಲ್ಲ. ಈ ದಾರಿಯಲ್ಲಿ ಅದನ್ನು ನಂಬಿ ಬಜೆಟ್ ಮಾಡಬೇಡಿ.

## ಹಂತ 5: ಆಸೆ

‘ಏನೇನು ನೋಡಬೇಕು?’ ಅಂದರೆ ‘ಎಲ್ಲಾ’ ಅಂತಾರೆ. ಅದರ ಬದಲು ಒಬ್ಬೊಬ್ಬರಿಗೂ ಈ ಪ್ರಶ್ನೆ ಕೇಳಿ: ‘ಇದರಲ್ಲಿ ಯಾವುದನ್ನು ಬಿಟ್ಟರೆ ನಿಮಗೆ ಬೇಜಾರಾಗುತ್ತೆ? ಒಂದೇ ಹೇಳಿ.’ ಮಕ್ಕಳನ್ನೂ ಕೇಳಿ, ಅವರು ಗ್ರೂಪಿನಲ್ಲಿ ಇರುವುದಿಲ್ಲ.

ನಮ್ಮ ಉದಾಹರಣೆಯಲ್ಲಿ 12 ವರ್ಷದ ಹುಡುಗಿಗೆ ಜೋಗ, 8 ವರ್ಷದವನಿಗೆ ಸಮುದ್ರ. ತಾತನಿಗೆ ಉಡುಪಿಯಲ್ಲಿ ನವಗ್ರಹ ಕಿಂಡಿಯಿಂದ ಕೃಷ್ಣನ ದರ್ಶನ. ಅಜ್ಜಿ ಹೇಳಿದ್ದು ಬೇರೆಯೇ: ‘ಪುಟ್ಟಂಗೆ ಕೊಲ್ಲೂರಲ್ಲಿ ಅಕ್ಷರಾಭ್ಯಾಸ ಮಾಡಿಸಬೇಕು, ಅದಕ್ಕೇ ಹೊರಟಿದ್ದು.’

ಇಡೀ ಟ್ರಿಪ್ ಹುಟ್ಟಿದ್ದೇ ಈ ಮಾತಿನಿಂದ, ಆದರೆ ಮೊದಲ ಮೆಸೇಜಿನಲ್ಲಿ ಅದರ ಸುಳಿವೇ ಇರಲಿಲ್ಲ. ಇಂಥದ್ದು ಹೊರಬಂದ ತಕ್ಷಣ ಹಂತ 3ಕ್ಕೆ ವಾಪಸ್ ಹೋಗಿ. ವಿಜಯದಶಮಿಯ ದಿನವೇ ಆಗಬೇಕಾ ಅಂತ ಅಜ್ಜಿಯನ್ನು ಕೇಳಿ. ಆ ದಿನ ಕೊಲ್ಲೂರಿಗೆ ಅಕ್ಷರಾಭ್ಯಾಸಕ್ಕೆ ಅಂತಲೇ ಕೇರಳದಿಂದಲೂ ಜನ ಬರುತ್ತಾರೆ. ಸಾಲು ಉದ್ದ, ರೂಮು ಸಿಗುವುದು ಕಷ್ಟ, ಮಂಡಿನೋವಿನವರಿಗೆ ನಿಂತು ನಿಂತು ಸಾಕಾಗುತ್ತದೆ. ಬೇರೆ ದಿನ ಆಗಬಹುದು ಅಂದರೆ ದೇವಸ್ಥಾನಕ್ಕೆ ಫೋನ್ ಮಾಡಿ, ಸೇವೆಯ ಸಮಯ ಮತ್ತು ಚೀಟಿ ಮಾಡಿಸುವ ಬಗೆ ಕೇಳಿಕೊಂಡು, ದಸರಾ ಮುಗಿದ ಮೇಲಿನ ವಾರಕ್ಕೆ ಇಡಿ. ಈ ಅಜ್ಜಿ ಒಪ್ಪಿದರು ಅಂತ ಇಟ್ಟುಕೊಳ್ಳೋಣ.

ಯಾರೂ ಆರಿಸದ ಜಾಗ ಯಾವುದು ಅಂತಲೂ ನೋಡಿ. ಇಲ್ಲಿ ಮುರುಡೇಶ್ವರವನ್ನು ಯಾರೂ ಹೇಳಲಿಲ್ಲ. ಆದರೂ ಉಳಿಸಿಕೊಳ್ಳಬಹುದು, ಹುಡುಗನಿಗೆ ಸಮುದ್ರ ಅಲ್ಲೂ ಸಿಗುತ್ತದೆ, ರಾಜಗೋಪುರದಲ್ಲಿ ಲಿಫ್ಟ್ ಇರುವುದರಿಂದ ಅಜ್ಜಿಯೂ ಮೇಲೆ ಹೋಗಿ ನೋಡಬಹುದು, ಜೋಗಕ್ಕೂ ಅದೇ ದಾರಿ. ಸಮಯ ಸಾಲದೆ ಹೋದರೆ ಮೊದಲು ಕತ್ತರಿಸಬೇಕಾದ್ದೂ ಅದೇ.

## ಹಂತ 6: ಊಹೆಗಳನ್ನು ಬರೆದೇ ಕರಡು ಕಳಿಸಿ

ಎಷ್ಟು ಕೇಳಿದರೂ ಒಂದೆರಡು ಉತ್ತರ ಬರುವುದಿಲ್ಲ. ಅದಕ್ಕಾಗಿ ಕಾಯುತ್ತಾ ಕೂರಬೇಡಿ. ನಿಮ್ಮ ಊಹೆಯನ್ನು ಮೇಲೆ ಬರೆದು, ಕೆಳಗೆ ಪ್ಲಾನ್ ಹಾಕಿ, ಒಂದು ಗಡುವು ಕೊಡಿ. ಖಾಲಿ ಪ್ರಶ್ನೆಗೆ ಉತ್ತರಿಸದವರೂ ತಪ್ಪು ಊಹೆಯನ್ನು ತಿದ್ದೋಕೆ ತಕ್ಷಣ ಬರುತ್ತಾರೆ. ಮೆಸೇಜ್ ಹೀಗಿರಲಿ:

> ನಾನು ಹೀಗೆ ಅಂದುಕೊಂಡಿದ್ದೇನೆ: 9 ಜನ, ದಸರಾ ಮುಗಿದ ಮೇಲಿನ ಗುರುವಾರ ರಾತ್ರಿ ಹೊರಟು ಸೋಮವಾರ ಬೆಳಗ್ಗೆ ವಾಪಸ್. ನಾನ್ ಎ.ಸಿ. ರೂಮು, ಖರ್ಚು ಎರಡು ಮನೆಗೆ ಸಮ.
>
> ಶುಕ್ರವಾರ: ಬೆಳಗ್ಗೆ ಉಡುಪಿ, ರೂಮಿನಲ್ಲಿ ವಿಶ್ರಾಂತಿ, ಮಠ, ಸಂಜೆ ಮಲ್ಪೆ. ರಾತ್ರಿ ಉಡುಪಿ.
> ಶನಿವಾರ: ಬೆಳಗ್ಗೆ ಬೇಗ ಕೊಲ್ಲೂರು, ಅಕ್ಷರಾಭ್ಯಾಸ, ಅಲ್ಲೇ ಪ್ರಸಾದದ ಊಟ, ಸಂಜೆ ಮುರುಡೇಶ್ವರ. ರಾತ್ರಿ ಅಲ್ಲೇ.
> ಭಾನುವಾರ: ಗೇರುಸೊಪ್ಪ ಘಾಟಿ ಮೇಲೆ ಜೋಗ, ರಾತ್ರಿ ತಾಳಗುಪ್ಪದಿಂದ ರೈಲು.
>
> ತಪ್ಪಿದ್ದರೆ ಈ ಬುಧವಾರ ರಾತ್ರಿಯೊಳಗೆ ಹೇಳಿ. ಮರುದಿನ ಬೆಳಗ್ಗೆ ಟಿಕೆಟ್ ಮಾಡುತ್ತೇನೆ.

‘ಖರ್ಚು ಎರಡು ಮನೆಗೆ ಸಮ’ ಅನ್ನುವ ಸಾಲನ್ನು ಮುಜುಗರ ಅಂತ ಬಿಡಬೇಡಿ. ಅಣ್ಣನ ಮನೆಯವರು ನಾಲ್ಕು, ತಮ್ಮನ ಮನೆಯವರು ಮೂರು. ತಾತ ಅಜ್ಜಿಯ ಖರ್ಚು ಯಾರದು ಅನ್ನುವುದು ಹೊರಡುವ ಮೊದಲೇ ತೀರ್ಮಾನ ಆಗಿರಬೇಕು.

## ಹಂತ 7: ಬುಕ್ ಮಾಡುವ ಕ್ರಮ

ಮೊದಲು ಎರಡೂ ಕಡೆಯ ರೈಲು. ಹೋಗುವ ಟಿಕೆಟ್ ಸಿಕ್ಕಿ ಬರುವುದು ವೇಟಿಂಗ್‌ನಲ್ಲಿ ಇದ್ದರೆ ರೂಮಿಗೆ ದುಡ್ಡು ಕಟ್ಟಬೇಡಿ. ಎರಡೂ ಖಚಿತ ಆದ ಮೇಲೆ ಶನಿವಾರದ ರೂಮು, ಆಮೇಲೆ ಶುಕ್ರವಾರದ್ದು, ಕೊನೆಗೆ ಗಾಡಿ. ಶನಿವಾರ ಮುರುಡೇಶ್ವರ ಬೇಗ ತುಂಬುತ್ತದೆ, ಅದಕ್ಕೇ ಅದು ಮೊದಲು.

ಉಡುಪಿಯ ರೂಮು ಕೇಳುವಾಗ ಎರಡು ವಿಷಯ ಫೋನಿನಲ್ಲೇ ಬಗೆಹರಿಸಿಕೊಳ್ಳಿ. ರೈಲು ಇಳಿಯುವುದು ಬೆಳಗಿನ ಜಾವ, ಹೋಟೆಲ್‌ಗಳಲ್ಲಿ ಚೆಕ್ ಇನ್ ಹೆಚ್ಚಾಗಿ ಮಧ್ಯಾಹ್ನ 12ಕ್ಕೆ. 24 ಗಂಟೆ ಲೆಕ್ಕದಲ್ಲಿ ರೂಮು ಕೊಡುವ ಲಾಡ್ಜ್ ಹುಡುಕಿ, ಇಲ್ಲದಿದ್ದರೆ ಒಂದು ರೂಮನ್ನಾದರೂ ಹಿಂದಿನ ರಾತ್ರಿಯಿಂದಲೇ ತೆಗೆದುಕೊಳ್ಳಿ. ಹಾಗೆ ಮಾಡದಿದ್ದರೆ ಒಂಬತ್ತು ಜನ ಬ್ಯಾಗ್ ಸಮೇತ ರಿಸೆಪ್ಷನ್‌ನಲ್ಲಿ ಕೂರಬೇಕಾಗುತ್ತದೆ. ಇನ್ನೊಂದು, ‘ವೆಸ್ಟರ್ನ್ ಟಾಯ್ಲೆಟ್ ಇದೆಯಾ, ನೆಲಮಹಡಿ ಇಲ್ಲವೇ ಲಿಫ್ಟ್ ಇದೆಯಾ?’ ಫೋಟೋ ನೋಡಿ ನಂಬಬೇಡಿ. ಒಂದೇ ಲಾಡ್ಜ್‌ನಲ್ಲಿ ಕೆಲವು ರೂಮಿನಲ್ಲಿ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ಅಜ್ಜಿಯ ರೂಮಿನ ನಂಬರನ್ನೇ ಬರೆಯಿಸಿಕೊಳ್ಳಿ.

## ಪ್ಲಾನ್ ಕೈಜಾರುತ್ತಿದೆ ಅಂತ ತಿಳಿಯುವುದು ಹೇಗೆ

ಬುಕ್ ಮಾಡುವ ಹಿಂದಿನ ದಿನ ‘ಧರ್ಮಸ್ಥಳವೂ ಹತ್ತಿರವೇ ಅಲ್ವಾ, ಅದನ್ನೂ ಸೇರಿಸು’ ಅಂತ ಒಬ್ಬರು ಹೇಳುತ್ತಾರೆ. ಉಡುಪಿಯಿಂದ ಧರ್ಮಸ್ಥಳಕ್ಕೆ ಸುಮಾರು 100 ಕಿಲೋಮೀಟರ್, ಅದೂ ಕೊಲ್ಲೂರಿಗೆ ವಿರುದ್ಧ ದಿಕ್ಕು. ಆಗುತ್ತೆ, ಆಗಲ್ಲ ಅಂತ ನೀವು ಹೇಳಬೇಡಿ. ‘ಇದನ್ನು ಸೇರಿಸಿದರೆ ಜೋಗ ಬಿಡಬೇಕು, ಅಣ್ಣನ ಮಗಳಿಗೆ ಹೇಳ್ತೀರಾ?’ ಅಂತ ಕೇಳಿ. ಒಂದು ಸೇರಬೇಕಾದರೆ ಒಂದು ಹೊರಗೆ ಹೋಗಬೇಕು ಅನ್ನುವುದು ಅವರಿಗೂ ಕಾಣಲಿ.

ಜನರ ಸಂಖ್ಯೆ ಬದಲಾದರೆ ಮಾತ್ರ ಹಂತ 2ರಿಂದ ಮತ್ತೆ ಶುರು ಮಾಡಿ. ತಮ್ಮನ ಮನೆಯವರು ಬರುವುದಿಲ್ಲ ಅಂದರೆ ಅಕ್ಷರಾಭ್ಯಾಸವೇ ಇಲ್ಲ, ಕೊಲ್ಲೂರಿನಲ್ಲಿ ಅಷ್ಟು ಹೊತ್ತು ಬೇಡ, ಟಿಟಿ ಬದಲು ಒಂದು ಇನ್ನೋವಾ ಸಾಕು, ರೂಮು ಎರಡು. ಹಳೆಯ ಪ್ಲಾನಿನಲ್ಲಿ ಮೂರು ಹೆಸರು ಅಳಿಸಿ ಅದನ್ನೇ ಕಳಿಸುವುದಕ್ಕಿಂತ, ತಾತ ಅಜ್ಜಿಗೆ ಇನ್ನೊಂದು ಸಲ ಫೋನ್ ಮಾಡಿ ‘ಪುಟ್ಟ ಬರಲ್ಲ ಅಂದಮೇಲೆ ಈಗಲೇ ಹೋಗಬೇಕಾ, ಮುಂದಕ್ಕೆ ಹಾಕೋಣವಾ?’ ಅಂತ ಮೊದಲು ಕೇಳಿಕೊಳ್ಳಿ.